ಉತ್ತರ ಬರೆಯದವರ ಮನೆ ಬಾಗಿಲಿಗೆ

1946ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಹಣ್ಣಿನ ತೋಟಗಾರರಿಗೆ ಅಂಚೆಯಲ್ಲಿ ಒಂದು ಪ್ರಶ್ನಾವಳಿ ಹೋಯಿತು. ಪಟ್ಟಿಯಲ್ಲಿದ್ದವರು 3,116 ಮಂದಿ. ಕೇಳಿದ ಪ್ರಶ್ನೆಗಳಲ್ಲಿ ಒಂದು ತೀರಾ ಸರಳವಾದದ್ದು: ನಿಮ್ಮ ತೋಟದಲ್ಲಿ ಹಣ್ಣಿನ ಮರಗಳು ಎಷ್ಟಿವೆ? ಉತ್ತರ ಬರೆದು ಕಳಿಸಿದವರು 300 ಜನ ಮಾತ್ರ. ಉಳಿದವರಿಗೆ ಅದೇ ಪ್ರಶ್ನಾವಳಿಯನ್ನು ಎರಡನೇ ಸಲ ಕಳಿಸಿದರು. ಇನ್ನೂ 543 ಉತ್ತರ ಬಂದವು. ಮೂರನೇ ಸಲ ಕಳಿಸಿದಾಗ 434 ಬಂದವು. ಅಲ್ಲಿಗೆ 1,277 ಉತ್ತರ ಕೈಸೇರಿದಂತಾಯಿತು. 1,839 ಜನ, ಅಂದರೆ ನೂರಕ್ಕೆ 59ರಷ್ಟು ತೋಟಗಾರರು, ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ.

ಸಾಮಾನ್ಯವಾಗಿ ಕತೆ ಇಲ್ಲಿಗೆ ನಿಲ್ಲುತ್ತದೆ. ಉತ್ತರ ಬರೆಯದವರ ತೋಟದಲ್ಲಿ ಏನಿದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಈ ಪ್ರಸಂಗದಲ್ಲಿ ಒಂದು ಅನುಕೂಲವಿತ್ತು. ಮರಗಳ ಸಂಖ್ಯೆಯೊಂದು ಮಾತ್ರ ಪಟ್ಟಿಯಲ್ಲಿದ್ದ ಎಲ್ಲ ತೋಟಗಳಿಗೂ ಬೇರೆ ಕಡೆಯಿಂದ ಲಭ್ಯವಿತ್ತು. ಹಾಗಾಗಿ ಉತ್ತರಿಸಿದವರನ್ನೂ ಉತ್ತರಿಸದವರನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ವಿಲಿಯಂ ಕಾಕ್ರನ್ ಅವರ ‘ಸ್ಯಾಂಪ್ಲಿಂಗ್ ಟೆಕ್ನಿಕ್ಸ್’ ಪುಸ್ತಕದ ಮೂಲಕ ಈ ಅಂಕಿಗಳು ಸಮೀಕ್ಷೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿವೆ.

ಮೊದಲ ಕಾಗದಕ್ಕೇ ಉತ್ತರ ಬರೆದವರ ತೋಟದಲ್ಲಿ ಸರಾಸರಿ 456 ಮರಗಳಿದ್ದವು. ಎರಡನೆಯದಕ್ಕೆ ಬರೆದವರಲ್ಲಿ 382, ಮೂರನೆಯದಕ್ಕೆ ಬರೆದವರಲ್ಲಿ 340. ಏನನ್ನೂ ಬರೆಯದವರ ತೋಟಗಳಲ್ಲಿ 290. ಒಂದೊಂದು ಸುತ್ತಿಗೂ ಮೆಟ್ಟಿಲಿಳಿದಂತೆ ಸಂಖ್ಯೆ ಇಳಿಯುತ್ತ ಹೋಗಿದೆ. ದೊಡ್ಡ ತೋಟದವರಿಗೆ ಹಣ್ಣೇ ಬದುಕು, ಅದರ ಬಗ್ಗೆ ಯಾರಾದರೂ ಕೇಳಿದರೆ ಹೇಳುವ ಉತ್ಸಾಹವೂ ಇರುತ್ತದೆ. ಮನೆಯ ಹಿಂದೆ ಒಂದಿಷ್ಟು ಮರ ಬೆಳೆಸಿಕೊಂಡವರು ಇದು ತಮಗೆ ಬಂದ ಕಾಗದವಲ್ಲ ಎಂದು ಪಕ್ಕಕ್ಕೆ ಇಟ್ಟಿರಬಹುದು. ಕಾರಣ ಏನೇ ಇರಲಿ, ಎಲ್ಲ 3,116 ತೋಟಗಳ ನಿಜವಾದ ಸರಾಸರಿ 329. ಮೊದಲ ಸುತ್ತಿನ ಉತ್ತರವನ್ನೇ ನಂಬಿದ್ದರೆ ಲೆಕ್ಕ ನೂರಕ್ಕೆ 39ರಷ್ಟು ಹೆಚ್ಚಾಗುತ್ತಿತ್ತು. ಮೂರೂ ಸುತ್ತು ಕೂಡಿಸಿದರೂ ಸರಾಸರಿ 385 ಬರುತ್ತದೆ. ಆಗಲೂ ತಪ್ಪು ನೂರಕ್ಕೆ 17ರಷ್ಟು ಉಳಿಯುತ್ತದೆ.

ಮತ್ತಷ್ಟು ಜನರಿಗೆ ಕಾಗದ ಕಳಿಸಿದರೆ ಸರಿಹೋಗುತ್ತದೆ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಹತ್ತು ಪಟ್ಟು ತೋಟಗಾರರಿಗೆ ಕಳಿಸಿದರೆ ಹತ್ತು ಪಟ್ಟು ಉತ್ತರ ಬಂದೀತು, ಆದರೆ ಬರೆಯುವವರು ಮತ್ತೆ ದೊಡ್ಡ ತೋಟದವರೇ. ಸರಾಸರಿ 385ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಂಖ್ಯೆ ದೊಡ್ಡದಾಗಿರುವುದರಿಂದ ತಪ್ಪು ಉತ್ತರದ ಮೇಲೆ ನಂಬಿಕೆ ಮಾತ್ರ ಹೆಚ್ಚುತ್ತದೆ. ಅಮೆರಿಕದಲ್ಲೇ ಇದಕ್ಕೆ ಹತ್ತು ವರ್ಷ ಮೊದಲು, 1936ರ ಅಧ್ಯಕ್ಷ ಚುನಾವಣೆಗೆ ಮುನ್ನ, ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಅಣಕು ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅದನ್ನು ನೋಡಿ ರೂಸ್‌ವೆಲ್ಟ್ ಸೋಲುತ್ತಾರೆ, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಲ್ಯಾಂಡನ್ ಗೆದ್ದದ್ದು ಎರಡೇ ರಾಜ್ಯಗಳಲ್ಲಿ. ಪತ್ರಿಕೆ ಹಿಡಿದ ವಿಳಾಸಗಳ ಪಟ್ಟಿಯೇ ಸರಿಯಿರಲಿಲ್ಲ ಎಂಬುದು ಎಲ್ಲರೂ ಹೇಳುವ ಕಾರಣ. ಅದು ನಿಜ. ಆದರೆ ಮತಪತ್ರ ತಲುಪಿದವರಲ್ಲಿಯೂ ಉತ್ತರ ಕಳಿಸಿದವರಿಗಿಂತ ಕಳಿಸದೆ ಉಳಿದವರಲ್ಲಿ ರೂಸ್‌ವೆಲ್ಟ್ ಬೆಂಬಲಿಗರ ಪಾಲು ಬಹಳ ಹೆಚ್ಚಿತ್ತು ಎಂಬುದು 1937ರ ಗ್ಯಾಲಪ್ ಸಮೀಕ್ಷೆಯ ದಾಖಲೆಗಳನ್ನು ಆಮೇಲೆ ಕೆದಕಿ ನೋಡಿದಾಗ ತಿಳಿಯಿತು.

ಹಾಗಾದರೆ ಉತ್ತರ ಬರೆಯದ ಎಲ್ಲರ ಮನೆಗೂ ಹೋಗಿ ಕೇಳಬಹುದಲ್ಲ? ಕೇಳಬಹುದು, ಆದರೆ ದುಡ್ಡು ಸಾಲದು. ಅಂಚೆಚೀಟಿಗೆ ಕೆಲವು ಸೆಂಟ್ ಸಾಕಾದರೆ ಒಬ್ಬ ಗಣತಿದಾರ ಹಳ್ಳಿಯ ದಾರಿ ಹಿಡಿದು ಹೋಗಿ, ಮನೆಯವರನ್ನು ಹುಡುಕಿ, ಕೂತು ಮಾತಾಡಿ ಬರಲು ಡಾಲರುಗಳೇ ಬೇಕು. ಅಂಚೆ ಅಗ್ಗ, ಆದರೆ ಓರೆ. ಮನೆಭೇಟಿ ನೇರ, ಆದರೆ ದುಬಾರಿ. ಈ ಎರಡನ್ನೂ ಜೋಡಿಸುವ ದಾರಿಯನ್ನು ಅದೇ 1946ರಲ್ಲಿ ಅಮೆರಿಕದ ಸೆನ್ಸಸ್ ಬ್ಯೂರೋದ ಇಬ್ಬರು ತೋರಿಸಿದರು. ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬರೆದ ಆ ಲೇಖನ ಹದಿಮೂರೇ ಪುಟದ್ದು. ಅವರ ಮಾತಿನ ಸಾರ ಇಷ್ಟು: ಉತ್ತರ ಬರೆಯದ ಎಲ್ಲರನ್ನೂ ಹುಡುಕಿಕೊಂಡು ಹೋಗಬೇಡಿ, ಅವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಆ ಕೆಲವರನ್ನು ಮಾತ್ರ ಏನಾದರೂ ಮಾಡಿ ಮಾತಾಡಿಸಿ ಬನ್ನಿ.

ನಾರ್ತ್ ಕೆರೊಲಿನಾದ ತೋಟಗಳ ಮೇಲೆ ಈ ಉಪಾಯವನ್ನು ಪ್ರಯೋಗಿಸಿದ್ದರೆ ಏನಾಗುತ್ತಿತ್ತು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಮೊದಲು ಒಂದು ತಾರೀಕು ಗೊತ್ತು ಮಾಡಿ, ಆ ದಿನಕ್ಕೆ ಅಂಚೆಯ ಸುತ್ತು ಮುಗಿಯಿತು ಎಂದು ಗೆರೆ ಎಳೆಯಬೇಕು. ಅಂದಿನವರೆಗೆ ಉತ್ತರ ಬರೆಯದ 1,839 ಹೆಸರುಗಳನ್ನು ಒಂದು ಪಟ್ಟಿಯಾಗಿ ಬರೆದು ಕ್ರಮಸಂಖ್ಯೆ ಹಾಕಬೇಕು. ಮೂವರಲ್ಲಿ ಒಬ್ಬರನ್ನು ನೋಡುವಷ್ಟು ದುಡ್ಡಿದೆ ಎಂದುಕೊಳ್ಳೋಣ. 1ರಿಂದ 3ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಬೇಕು. 2 ಬಂದರೆ ಪಟ್ಟಿಯ 2ನೆಯವರು, 5ನೆಯವರು, 8ನೆಯವರು, 11ನೆಯವರು ಹೀಗೆ ಕೊನೆಯವರೆಗೆ ಗುರುತು ಹಾಕುತ್ತ ಹೋದರೆ 613 ಹೆಸರು ಸಿಗುತ್ತವೆ. ಗಣತಿದಾರರ ಕೈಗೆ ಕೊಡುವುದು ಈ 613 ಹೆಸರುಗಳನ್ನು ಮಾತ್ರ. ಉಳಿದ 1,226 ಮನೆಗಳ ಕಡೆ ಯಾರೂ ಹೋಗುವುದಿಲ್ಲ.

ಯಾರ ಮನೆಗೆ ಹೋಗಬೇಕೆಂದು ಆರಿಸುವ ಕೆಲಸ ಚೀಟಿಯದು, ಗಣತಿದಾರನದಲ್ಲ. ಈ ವಿಧಾನದ ಪ್ರಾಣ ಇರುವುದು ಇಲ್ಲೇ. ಆಯ್ಕೆಯನ್ನು ಅವನಿಗೇ ಬಿಟ್ಟರೆ ರಸ್ತೆ ಬದಿಯ ತೋಟ, ಪರಿಚಯದವರ ತೋಟ, ನಾಯಿ ಇಲ್ಲದ ತೋಟ ಮೊದಲು ಬರುತ್ತವೆ. ಆಗ ಉತ್ತರ ಬರೆಯದವರೊಳಗೇ ಸುಲಭವಾಗಿ ಸಿಗುವವರ ಇನ್ನೊಂದು ಓರೆ ಗುಂಪು ಹುಟ್ಟಿಕೊಳ್ಳುತ್ತದೆ.

613 ಜನರಿಂದ ಉತ್ತರ ಬಂತು ಎಂದಿಟ್ಟುಕೊಳ್ಳೋಣ. ಚೀಟಿ ಎತ್ತಿ ಆರಿಸಿದ್ದರಿಂದ ಅವರ ಸರಾಸರಿ 290ಕ್ಕೆ ಹತ್ತಿರವೇ ಇರುತ್ತದೆ. ಒಂದಿಷ್ಟು ಆಚೀಚೆ ಆದೀತು. ಲೆಕ್ಕ ಸುಲಭವಾಗಲೆಂದು 290 ಎಂದೇ ಹಿಡಿಯೋಣ. ಈಗ ಕೈಯಲ್ಲಿ ಎರಡು ರಾಶಿಗಳಿವೆ: ಅಂಚೆಯಲ್ಲಿ ಬಂದ 1,277 ಉತ್ತರ, ಮನೆಗೆ ಹೋಗಿ ತಂದ 613 ಉತ್ತರ. ಅನುಭವವಿಲ್ಲದವರು ಎಡವುವುದು ಈ ಹಂತದಲ್ಲಿ. ಒಟ್ಟು 1,890 ಉತ್ತರಗಳನ್ನು ಒಂದೇ ರಾಶಿಗೆ ಸುರಿದು ಸರಾಸರಿ ತೆಗೆದರೆ 354 ಬರುತ್ತದೆ. 385ಕ್ಕಿಂತ ಮೇಲು ನಿಜ, ಆದರೆ ಸರಿಯಾದ 329ರಿಂದ ಇನ್ನೂ ದೂರವಿದೆ. ಅಷ್ಟು ಖರ್ಚು ಮಾಡಿ ಮನೆಮನೆ ತಿರುಗಿದ್ದರ ಅರ್ಧದಷ್ಟು ಫಲ ಕೂಡಿಸುವ ಹೊತ್ತಿನಲ್ಲಿ ಸೋರಿಹೋದಂತಾಯಿತು.

ಅಂಚೆಯಲ್ಲಿ ಉತ್ತರಿಸಿದ ಒಬ್ಬೊಬ್ಬರೂ ತಮ್ಮ ಪರವಾಗಿ ಮಾತ್ರ ಮಾತಾಡುತ್ತಿದ್ದಾರೆ. ಮನೆಗೆ ಹೋಗಿ ಮಾತಾಡಿಸಿದ ಒಬ್ಬೊಬ್ಬರು ಮಾತ್ರ ಮೂವರ ಪರವಾಗಿ ಮಾತಾಡುತ್ತಿದ್ದಾರೆ: ತಾವು, ಜೊತೆಗೆ ಚೀಟಿ ಬೀಳದ ಇನ್ನಿಬ್ಬರು. ಆದ್ದರಿಂದ ಅವರ ಉತ್ತರವನ್ನು ಮೂರು ಸಲ ಎಣಿಸಬೇಕು. 1,277 ಜನರ ಮರಗಳು ಒಟ್ಟು 4,91,786. 613 ಜನರ ಮರಗಳು 1,77,770. ಅದರ ಮೂರರಷ್ಟು 5,33,310. ಎರಡನ್ನೂ ಕೂಡಿಸಿ 3,116ರಿಂದ ಭಾಗಿಸಿದರೆ 329. ಸಂಖ್ಯಾಶಾಸ್ತ್ರದವರು ಈ ಮೂರು ಎಂಬುದನ್ನು ‘ತೂಕ’ ಎನ್ನುತ್ತಾರೆ. ಉತ್ತರಿಸಿದವರು, ಉತ್ತರಿಸದವರು ಎರಡು ಬೇರೆ ಬೇರೆ ಗುಂಪುಗಳಾಗಿಯೇ ಉಳಿದು, ತಮ್ಮ ತಮ್ಮ ಗಾತ್ರಕ್ಕೆ ತಕ್ಕ ಪಾಲನ್ನು ಕೊನೆಯ ಮೊತ್ತಕ್ಕೆ ಕೊಡುವಂತೆ ಈ ತೂಕ ನೋಡಿಕೊಳ್ಳುತ್ತದೆ.

ಮನೆಗೆ ಹೋಗುವ ಬದಲು ಊಹೆಯಿಂದಲೇ ಕೆಲಸ ಮುಗಿಸುವ ರೂಢಿಯೂ ಇದೆ. ಕೊನೆಯ ಸುತ್ತಿನಲ್ಲಿ ತಡವಾಗಿ ಬರೆದವರು ಏನೂ ಬರೆಯದವರ ಹಾಗೆಯೇ ಇರುತ್ತಾರೆ ಎಂದು ಹಲವರು ಭಾವಿಸುತ್ತಾರೆ. ಇಲ್ಲಿ ಹಾಗೆ ಮಾಡಿದ್ದರೆ 1,839 ತೋಟಗಳಿಗೂ ಮೂರನೇ ಸುತ್ತಿನ 340 ಮರಗಳನ್ನು ಆರೋಪಿಸಬೇಕಾಗುತ್ತಿತ್ತು. ಸರಾಸರಿ 358 ದಾಟುತ್ತಿತ್ತು. ತಡವಾಗಿ ಬರೆದವರು ಕೊನೆಗೂ ಬರೆದವರೇ. ಬರೆಯದೇ ಉಳಿದವರ ಪ್ರತಿನಿಧಿಗಳಾಗಲು ಅವರಿಂದ ಆಗಲಿಲ್ಲ.

ಇನ್ನು ಉಳಿದ ಪ್ರಶ್ನೆ, ಮೂವರಲ್ಲಿ ಒಬ್ಬರೇ ಏಕೆ? ಇಬ್ಬರಲ್ಲಿ ಒಬ್ಬರು, ಐವರಲ್ಲಿ ಒಬ್ಬರು ಏಕಾಗಬಾರದು? ಹ್ಯಾನ್ಸನ್ ಮತ್ತು ಹರ್ವಿಟ್ಜ್ ಬರೀ ಉಪಾಯ ಹೇಳಿ ಕೈತೊಳೆದುಕೊಳ್ಳದೆ, ಎಷ್ಟು ಕಾಗದ ಕಳಿಸಬೇಕು, ಎಷ್ಟು ಮನೆಗೆ ಹೋಗಬೇಕು ಎಂಬುದನ್ನು ಖರ್ಚಿನಿಂದಲೇ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಅವರ ಲೇಖನದಿಂದ ಕಾಕ್ರನ್ ಆರಿಸಿಕೊಂಡ ಉದಾಹರಣೆಯಲ್ಲಿ ಒಂದು ಪ್ರಶ್ನಾವಳಿ ಅಂಚೆಗೆ ಹಾಕಲು 10 ಸೆಂಟ್. ತುಂಬಿ ಬಂದ ಉತ್ತರವನ್ನು ಪರಿಶೀಲಿಸಿ ಲೆಕ್ಕಕ್ಕೆ ಸೇರಿಸಲು 40 ಸೆಂಟ್. ಒಂದು ಮನೆಭೇಟಿಗೆ 4 ಡಾಲರ್ 10 ಸೆಂಟ್. ಆ ಉತ್ತರವನ್ನೂ ಪರಿಶೀಲಿಸಬೇಕಾದ್ದರಿಂದ ಒಟ್ಟು 4 ಡಾಲರ್ 50 ಸೆಂಟ್. ಅಂಚೆಗೆ ಅರ್ಧದಷ್ಟು ಜನ ಉತ್ತರಿಸುತ್ತಾರೆ ಎಂಬ ನಿರೀಕ್ಷೆ. ಒಂದು ಸಾವಿರ ಜನರನ್ನು ಆರಿಸಿ ಅವರೆಲ್ಲರಿಂದಲೂ ಉತ್ತರ ಪಡೆದರೆ ಎಷ್ಟು ನಿಖರತೆ ಸಿಗುತ್ತದೋ ಅಷ್ಟು ನಿಖರತೆ ಬೇಕು.

ಸಾವಿರ ಕಾಗದ ಕಳಿಸಿ, ಉತ್ತರ ಬಾರದ 500 ಮನೆಗಳಿಗೂ ಹೋದರೆ 2,550 ಡಾಲರ್ ಖರ್ಚಾಗುತ್ತದೆ. ಸೂತ್ರ ಹೇಳುವುದು ಬೇರೆ: 1,870 ಕಾಗದ ಕಳಿಸಿ. ಅರ್ಧ, ಅಂದರೆ 935 ಉತ್ತರ ಬಂದಾವು. ಉತ್ತರ ಬಾರದ 935ರಲ್ಲಿ 341 ಮನೆಗಳಿಗೆ ಹೋಗಿ. ಹೆಚ್ಚುಕಡಿಮೆ 2.7ಕ್ಕೆ ಒಂದು. ಖರ್ಚು ಸುಮಾರು 2,096 ಡಾಲರ್, ನಿಖರತೆ ಅಷ್ಟೇ. ಕಾಗದಗಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಗಿದ್ದು ಯಾಕೆಂದರೆ, ಒಬ್ಬನ ಉತ್ತರವನ್ನು 2.7 ಜನರದ್ದೆಂದು ಎಣಿಸಿದಾಗ ಅವನ ತೋಟದ ವೈಚಿತ್ರ್ಯವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಆ ಅಲುಗಾಟವನ್ನು ಸರಿದೂಗಿಸಲು ಅಗ್ಗವಾಗಿ ಸಿಗುವ ಕಡೆಯಿಂದ, ಅಂದರೆ ಅಂಚೆಯಿಂದ, ಹೆಚ್ಚು ಉತ್ತರ ತರಿಸಿಕೊಳ್ಳಬೇಕು.

ಇದನ್ನೇ ಇನ್ನೂ ಎಳೆದು ಐವರಲ್ಲಿ ಒಬ್ಬರನ್ನು ಮಾತ್ರ ನೋಡುತ್ತೇವೆ ಎಂದರೆ ಉಳಿತಾಯ ಹೆಚ್ಚಬೇಕಲ್ಲ? ಹೆಚ್ಚುವುದಿಲ್ಲ. ಆಗ ಅದೇ ನಿಖರತೆಗೆ 3,000 ಕಾಗದ ಕಳಿಸಬೇಕು, 300 ಮನೆಗೆ ಹೋಗಬೇಕು. ಮನೆಭೇಟಿ 41 ಕಡಿಮೆಯಾಯಿತು, ಆದರೆ ಒಟ್ಟು ಖರ್ಚು 2,250 ಡಾಲರಿಗೆ ಏರಿತು. ಮನೆಭೇಟಿ ದುಬಾರಿಯಾದಷ್ಟೂ ಕಡಿಮೆ ಮನೆಗೆ ಹೋಗಬೇಕು ಎಂಬುದು ನಿಜ, ಆದರೆ ಆ ಇಳಿಕೆ ನಿಧಾನದ್ದು. ಬೆಲೆ ನಾಲ್ಕು ಪಟ್ಟಾದರೆ ಆಯ್ಕೆಯ ಪ್ರಮಾಣ ಅರ್ಧಕ್ಕಷ್ಟೇ ಇಳಿಯುತ್ತದೆ.

ಈ ಲೆಕ್ಕಕ್ಕೆ ಒಂದು ತೊಡಕಿದೆ. ಎಷ್ಟು ಜನ ಉತ್ತರಿಸುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಅರ್ಧ ಬರುತ್ತದೆ ಎಂದುಕೊಂಡಿದ್ದು ಕಾಲುಭಾಗಕ್ಕೆ ಇಳಿದರೆ ಗುರಿಯಿಟ್ಟ ನಿಖರತೆ ಕೈತಪ್ಪುತ್ತದೆ. 1971ರಲ್ಲಿ ಕೆ.ಪಿ. ಶ್ರೀನಾಥ್ ಅವರು ಹ್ಯಾನ್ಸನ್‌ರ ಲೇಖನ ಬಂದಿದ್ದ ಅದೇ ಪತ್ರಿಕೆಯಲ್ಲಿ ಇದಕ್ಕೊಂದು ಪರಿಹಾರ ಬರೆದರು. ಪ್ರಮಾಣವನ್ನು ಮೊದಲೇ ಕಟ್ಟಿಹಾಕಬೇಡಿ. ಅಂಚೆಯ ಸುತ್ತು ಮುಗಿದ ಮೇಲೆ ಉತ್ತರಿಸದವರು ಎಷ್ಟು ಉಳಿದರೋ ಅದನ್ನು ನೋಡಿ ನಿಗದಿ ಮಾಡಿ. ಉಳಿದವರು ಹೆಚ್ಚಿದ್ದಷ್ಟೂ ಅವರಲ್ಲಿ ಹೆಚ್ಚಿನ ಪಾಲು ಜನರನ್ನು ಆರಿಸಿ. ಆಗ ಉತ್ತರದ ಪ್ರಮಾಣ ಏರಲಿ ಇಳಿಯಲಿ, ನಿಖರತೆ ಕದಲುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಇಡೀ ವಿಧಾನ ನಿಂತಿರುವುದು ಒಂದೇ ಷರತ್ತಿನ ಮೇಲೆ. ಚೀಟಿ ಬಿದ್ದವರೆಲ್ಲ ಉತ್ತರಿಸಬೇಕು. ಹ್ಯಾನ್ಸನ್ ಮತ್ತು ಹರ್ವಿಟ್ಜ್ ಮನೆಭೇಟಿಯಲ್ಲಿ ಎಲ್ಲರೂ ಮಾತಾಡುತ್ತಾರೆ ಎಂದೇ ಇಟ್ಟುಕೊಂಡಿದ್ದರು. ವಾಸ್ತವದಲ್ಲಿ ಬಾಗಿಲು ತೆರೆಯದವರು ಇರುತ್ತಾರೆ, ಊರು ಬಿಟ್ಟವರು ಇರುತ್ತಾರೆ. ತೋಟದ ಲೆಕ್ಕದಲ್ಲೇ, 613ರಲ್ಲಿ 400 ಜನ ಮಾತ್ರ ಸಿಕ್ಕು ಅವರ ಸರಾಸರಿ 320 ಇತ್ತು ಎಂದು ಕಲ್ಪಿಸಿಕೊಂಡರೆ ಕೊನೆಯ ಉತ್ತರ 347ಕ್ಕೆ ಹೋಗಿ ನಿಲ್ಲುತ್ತದೆ. ಅಂಚೆಯಲ್ಲಿ ನುಸುಳಿದ್ದ ಓರೆ ಮತ್ತೆ ಹಿಂಬಾಗಿಲಿನಿಂದ ಬಂದಿರುತ್ತದೆ, ಜೊತೆಗೆ ಈಗ ಅದಕ್ಕೆ ಮೂರರ ತೂಕ. ಆದ್ದರಿಂದಲೇ ಅನುಭವಿಗಳು 1,839 ಮನೆಗಳಿಗೆ ಒಂದೊಂದು ಸಲ ಹೋಗುವುದಕ್ಕಿಂತ 613 ಮನೆಗಳಿಗೆ ಮೂರು ಮೂರು ಸಲ ಹೋಗುವುದು ಮೇಲು ಎನ್ನುತ್ತಾರೆ. ಸಣ್ಣ ಗುಂಪನ್ನು ಆರಿಸುವುದರ ನಿಜವಾದ ಲಾಭ ಅದು: ಸಂಜೆ ಹೋಗಬಹುದು, ಭಾನುವಾರ ಹೋಗಬಹುದು, ಒಬ್ಬರಿಗೆ ಒಲಿಯದವರ ಬಳಿಗೆ ಹಳೆಯ ಅನುಭವಿಯನ್ನು ಕಳಿಸಬಹುದು.

ಹದಗೆಟ್ಟದ್ದನ್ನು ಪತ್ತೆ ಮಾಡುವ ದಾರಿಗಳೂ ಇವೆ. ಎಲ್ಲರ ಬಗ್ಗೆಯೂ ಮೊದಲೇ ಗೊತ್ತಿರುವ ಯಾವುದಾದರೂ ಒಂದು ವಿವರ, ಊರು ಯಾವುದು, ಜಮೀನು ಎಷ್ಟು ಎಂಬಂಥದ್ದು, ಪಟ್ಟಿಯಲ್ಲಿ ಇರುತ್ತದೆ. ಮನೆಭೇಟಿಯಲ್ಲಿ ಸಿಕ್ಕವರ ವಿವರವನ್ನು ಉತ್ತರಿಸದ ಇಡೀ ಗುಂಪಿನ ವಿವರದ ಜೊತೆ ಇಟ್ಟು ನೋಡಿದರೆ ಎರಡೂ ಹೊಂದಬೇಕು. ಹೊಂದದಿದ್ದರೆ ಸಿಗದವರ ಕಡೆಯಿಂದ ಏನೋ ಸೋರಿದೆ. ಚೀಟಿ ಬಿದ್ದ ಮನೆಗೆ ಬೀಗವಿತ್ತೆಂದು ಪಕ್ಕದ ಮನೆಯವರಿಂದ ಫಾರಂ ತುಂಬಿಸಿ ತರುವುದು ಕ್ಷೇತ್ರಕಾರ್ಯದ ಹಳೆಯ ರೋಗ. ಅದೂ ಈ ಹೋಲಿಕೆಯಲ್ಲಿ ಬಯಲಾಗುತ್ತದೆ, ಏಕೆಂದರೆ ಯಾವಾಗಲೂ ಮನೆಯಲ್ಲಿರುವವರ ಪಾಲು ಅಲ್ಲಿ ಅನುಮಾನ ಬರುವಷ್ಟು ಹೆಚ್ಚಿರುತ್ತದೆ. ಗೆರೆ ಎಳೆದ ದಿನದ ನಂತರ ಅಂಚೆಯಲ್ಲಿ ಬಂದ ಉತ್ತರಗಳ ವಿಷಯದಲ್ಲೂ ಎಚ್ಚರ ಬೇಕು. ಚೀಟಿ ಬಿದ್ದವರಿಂದ ಬಂದರೆ ಸ್ವೀಕರಿಸಬಹುದು. ಚೀಟಿ ಬೀಳದವರ ಪರವಾಗಿ ಆಗಲೇ ಬೇರೊಬ್ಬರು ಮಾತಾಡಿ ಆಗಿದೆ. ಅವರ ಉತ್ತರವನ್ನೂ ಸುಮ್ಮನೆ ರಾಶಿಗೆ ಸೇರಿಸಿದರೆ ಅದೇ ತೋಟ ಎರಡು ಸಲ ಎಣಿಕೆಯಾಗುತ್ತದೆ.

ಈ ತಂತ್ರ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. 2000ದ ಜನಗಣತಿಗೆ ಸೆನ್ಸಸ್ ಬ್ಯೂರೋ ಇದನ್ನೇ ಬಳಸಲು ಯೋಜನೆ ಹಾಕಿತ್ತು. ಅಂಚೆಯಲ್ಲಿ ಫಾರಂ ಹೋಗುತ್ತದೆ. ಉತ್ತರಿಸದ ಮನೆಗಳಲ್ಲಿ ಕೆಲವನ್ನು ಆರಿಸಿ, ಪ್ರತಿಯೊಂದು ಗಣತಿ ಪ್ರದೇಶದಲ್ಲೂ ನೂರಕ್ಕೆ ಕನಿಷ್ಠ 90 ಮನೆಗಳ ವಿವರ ನೇರವಾಗಿ ಪಡೆಯುವುದು. ಉಳಿದ ಹತ್ತನ್ನು ಭೇಟಿಯಾದ ಮನೆಗಳಿಂದ ಅಂದಾಜು ಮಾಡುವುದು. ಸಾವಿರ ಮನೆಗಳಲ್ಲಿ 800 ಉತ್ತರಿಸಿದ್ದರೆ ಉಳಿದ 200ರಲ್ಲಿ 100ಕ್ಕೆ ಹೋಗಬೇಕು. 400 ಮಾತ್ರ ಉತ್ತರಿಸಿದ್ದರೆ ಉಳಿದ 600ರಲ್ಲಿ 500ಕ್ಕೆ ಹೋಗಬೇಕು. ಸಂಸತ್ತಿನ ಕೆಳಮನೆ ಇದನ್ನು ವಿರೋಧಿಸಿತು. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎಂಬುದು ಈ ಎಣಿಕೆಯ ಮೇಲೆ ನಿಂತಿರುವುದರಿಂದ ವಿವಾದ ಪೂರಾ ರಾಜಕೀಯದ್ದಾಯಿತು. 1999ರ ಜನವರಿ 25ರಂದು ಕೋರ್ಟು 5–4ರ ಬಹುಮತದಲ್ಲಿ, ಪ್ರತಿನಿಧಿ ಸ್ಥಾನಗಳ ಹಂಚಿಕೆಗೆ ಬೇಕಾದ ಎಣಿಕೆಯಲ್ಲಿ ಮಾದರಿ ವಿಧಾನ ಬಳಸಲು ಜನಗಣತಿ ಕಾಯ್ದೆ ಅವಕಾಶ ಕೊಡುವುದಿಲ್ಲ ಎಂದು ತೀರ್ಪಿತ್ತಿತು. ತೀರ್ಪು ಕಾಯ್ದೆಯ ಅರ್ಥವನ್ನು ಕುರಿತದ್ದು. ವಿಧಾನ ವೈಜ್ಞಾನಿಕವಾಗಿ ತಪ್ಪು ಎಂದು ಕೋರ್ಟು ಹೇಳಲಿಲ್ಲ.

ಜನಗಣತಿಯಲ್ಲಿ ಸಿಗದ ಜಾಗ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಸಿಕ್ಕಿತು. ವರಮಾನ, ಉದ್ಯೋಗ, ಮನೆ ಬಾಡಿಗೆ, ಮಾತಾಡುವ ಭಾಷೆ ಇವನ್ನೆಲ್ಲ ಕೇಳುವ ಈ ಸಮೀಕ್ಷೆ 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ಮೊದಲ ತಿಂಗಳು ಅಂಚೆ. ಎರಡನೇ ತಿಂಗಳು ಫೋನು. ಈ ಹಂತವನ್ನು 2017ರಲ್ಲಿ ಕೈಬಿಟ್ಟರು. ಆಮೇಲೂ ಉತ್ತರಿಸದೆ ಉಳಿದ ವಿಳಾಸಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಮೂರನೇ ತಿಂಗಳು ಮನೆಭೇಟಿ. ಸಮೀಕ್ಷೆ ಶುರುವಾದಾಗ ಸಾಮಾನ್ಯವಾಗಿ ಮೂರು ಮನೆಗಳಲ್ಲಿ ಒಂದನ್ನು ಆರಿಸುತ್ತಿದ್ದರು. ಜನ ಅಂಚೆಗೆ ಅಷ್ಟಾಗಿ ಉತ್ತರಿಸದ ಪ್ರದೇಶಗಳಲ್ಲಿ ಎರಡರಲ್ಲಿ ಒಂದು, ಅಂಚೆ ತಲುಪಿಸಲು ಸರಿಯಾದ ವಿಳಾಸವೇ ಇಲ್ಲದ ಕಡೆ ಮೂರರಲ್ಲಿ ಎರಡು. ಎಲ್ಲ ಕಡೆಯೂ ಮೂರರಲ್ಲಿ ಒಂದನ್ನೇ ಹಿಡಿದಿದ್ದರೆ ಉತ್ತರ ಕಡಿಮೆ ಬರುವ ಬಡಾವಣೆಗಳ ಅಂಕಿಅಂಶವೆಲ್ಲ ಮೂರರ ತೂಕ ಹೊತ್ತ ಬೆರಳೆಣಿಕೆಯ ಮನೆಗಳ ಮೇಲೆ ನಿಲ್ಲಬೇಕಾಗುತ್ತಿತ್ತು. ಅಂಥ ಕಡೆ ಹೆಚ್ಚು ಮನೆಗಳಿಗೆ ಹೋಗಲು ತಗಲುವ ದುಡ್ಡನ್ನು ಹೊಂದಿಸಲು, ಅಂಚೆಗೆ ಚೆನ್ನಾಗಿ ಉತ್ತರಿಸುವ ಪ್ರದೇಶಗಳಲ್ಲಿ ಮೊದಲ ಸುತ್ತಿನ ಆಯ್ಕೆಯನ್ನೇ ಸ್ವಲ್ಪ ತಗ್ಗಿಸುವ ಏರ್ಪಾಡನ್ನು ಬ್ಯೂರೋ ಮಾಡಿಕೊಂಡಿತು.